ಅಕ್ಕನ ಕಿವಿಗೊಂದು ದಾರಿ

ನಮ್ಮ ಬೀದಿಯಲ್ಲಿ ಚಿಕ್ಕ ಟೈಲರಮ್ಮ ಎಂದರೆ ಯಾರೂ ಎಳೆ ಹುಡುಗಿಯನ್ನು ಹುಡುಕಿಕೊಂಡು ಬರುವುದಿಲ್ಲ. ಐವತ್ತು ದಾಟಿದ ಹೆಂಗಸು. ಮುಂಗೂದಲು ಬೆಳ್ಳಗಾಗಿದೆ, ಕನ್ನಡಕ ದಾರದಲ್ಲಿ ಕೊರಳಿಗೆ ಜೋತುಬಿದ್ದಿರುತ್ತದೆ, ತುಟಿಗಳ ನಡುವೆ ಯಾವಾಗಲೂ ಎರಡು ಗುಂಡುಸೂಜಿ. ಅಕ್ಕ ದೊಡ್ಡ ಟೈಲರಮ್ಮ ಆದಮೇಲೆ ತಂಗಿ ಎಷ್ಟು ವಯಸ್ಸಾದರೂ ಚಿಕ್ಕವಳೇ ತಾನೆ. ಬೀದಿಯವರಿಗೆ ಅವರು ದೊಡ್ಡವರು, ಇವರು ಚಿಕ್ಕವರು. ನಾನೂ ಹಾಗೇ ಕರೆಯುತ್ತೇನೆ.

ಅವರ ಹೊಲಿಗೆ ಅಂಗಡಿಗೂ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ಅದನ್ನು ಗೋಡೆ ಎಂದು ಕರೆದರೆ ಗೋಡೆಗಳಿಗೆ ಅವಮಾನ. ಆ ಕಡೆ ಕತ್ತರಿ ಬಿದ್ದರೆ ಈ ಕಡೆ ನನ್ನ ಕೈ ನಡುಗುತ್ತದೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಅಂಗಡಿಗೆ ಬಂದು ಜಗಳ ತೆಗೆದಿದ್ದಕ್ಕೆ ಅತ್ತ ಕಡೆಯಿಂದ ದೊಡ್ಡವರು ತೀರ್ಪು ಕೊಟ್ಟಿದ್ದರು, ಅದೂ ನನ್ನ ವಿರುದ್ಧ. ಅಷ್ಟು ವರ್ಷ ಆ ಅಕ್ಕತಂಗಿಯರ ಮಾತು ಕೇಳುತ್ತಲೇ ನಾನು ಬದುಕಿದವನು. ಹಾಗಾಗಿ ನನಗೆ ಅವರ ವಿಷಯ ಗೊತ್ತು ಎಂದರೆ ಯಾರೂ ಅನುಮಾನ ಪಡಬೇಕಿಲ್ಲ.

ದೊಡ್ಡವರು ಕತ್ತರಿಸುವವರು, ಚಿಕ್ಕವರು ಹೊಲಿಯುವವರು. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವುದು, ಗಿರಾಕಿಯ ಭುಜ ನೋಡಿಯೇ ಅಳತೆ ಹೇಳುವುದು, ಹೊಗಳುವುದು, ಬೈಯುವುದು ಎಲ್ಲ ದೊಡ್ಡವರ ಇಲಾಖೆ. ಯಂತ್ರ ತುಳಿಯುತ್ತ ಅಕ್ಕನ ಮಾತಿಗೆ ಎದುರುಮಾತು ಕೊಡುವುದು ಚಿಕ್ಕವರದು. ಇಬ್ಬರಲ್ಲಿ ದೊಡ್ಡವರಿಗೆ ಮದುವೆಯಾಗಿ, ಒಬ್ಬ ಮಗಳಾಗಿ, ಗಂಡ ಬೇಗ ತೀರಿಕೊಂಡರು. ಚಿಕ್ಕವರು ಮದುವೆಯಾಗಲಿಲ್ಲ. ಕೇಳಿದವರಿಗೆ, “ಊರಿನ ಗಂಡಸರ ಅಳತೆಯೆಲ್ಲ ನನಗೆ ಗೊತ್ತು, ಅದಕ್ಕೇ ಆಗಲಿಲ್ಲ” ಎನ್ನುತ್ತಿದ್ದರು.

ಆಮೇಲೆ ಒಂದು ದಿನ ಅಂಗಿಯೊಂದರ ತೋಳು ಕತ್ತರಿಸುತ್ತಿದ್ದಾಗಲೇ ದೊಡ್ಡವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ತಿಳಿವಳಿಕೆ ಮಾತ್ರ ಒಂಚೂರೂ ಹೋಗಲಿಲ್ಲ, ಅದೇ ಕಷ್ಟ. ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಬೇರೆ ಊರಿನಲ್ಲಿದ್ದಾಳೆ. ಅಲ್ಲಿ ಆಸ್ಪತ್ರೆ, ವ್ಯಾಯಾಮ ಮಾಡಿಸುವವರು ಎಲ್ಲ ಹತ್ತಿರ ಎಂದು ತಾಯಿಯನ್ನು ಕರೆದುಕೊಂಡು ಹೋದಳು. ಅವಳದೇನೂ ತಪ್ಪಿಲ್ಲ. ಆದರೆ ಹಲಗೆಯ ಆಚೆ ಎದುರುಮಾತು ಕೊಡಲು ಚಿಕ್ಕವರಿಗೆ ಯಾರೂ ಉಳಿಯಲಿಲ್ಲ.

ಮೊದಮೊದಲು ಫೋನು ಮಾಡಿದರು. ಮಾತು ಬಾರದವರಿಗೆ ಫೋನು ಮಾಡುವುದೆಂದರೆ ಇಬ್ಬರಿಗೂ ಹಿಂಸೆ. ಈ ಕಡೆ ಇವರು “ಹೇಗಿದ್ದೀಯಕ್ಕಾ” ಎನ್ನುವುದು, ಆ ಕಡೆ ಅವರು ಉಸಿರುಗಟ್ಟಿ ಒದ್ದಾಡುವುದು, ಕೊನೆಗೆ ಮಗಳು ಫೋನು ತೆಗೆದುಕೊಂಡು “ಅಮ್ಮ ಅಳ್ತಿದ್ದಾರೆ ಚಿಕ್ಕಮ್ಮಾ, ಆಮೇಲೆ ಮಾಡ್ತೀನಿ” ಎನ್ನುವುದು. ವಿಡಿಯೋ ಕರೆ ಇನ್ನೂ ಕೆಟ್ಟದಾಯಿತು. ಸೊಟ್ಟಗಾದ ಮುಖವನ್ನು ತಂಗಿಗೆ ತೋರಿಸಲು ದೊಡ್ಡವರು ಒಪ್ಪಲೇ ಇಲ್ಲ.

“ಅವಳಿಗೆ ನಾನು ಬೇಡ ರಿಪೇರಿ, ಅಂಗಡಿ ಬೇಕು,” ಎಂದರು ಚಿಕ್ಕವರು ಒಂದು ದಿನ ನನ್ನ ಮೇಜಿನ ಮುಂದೆ ನಿಂತು. ನನ್ನ ಹೆಸರು ರಿಪೇರಿ ಎಂದೇ ಅವರು ತೀರ್ಮಾನಿಸಿ ವರ್ಷಗಳಾದವು. “ಇಲ್ಲಿ ನಡೆಯೋ ಸದ್ದು ಅವಳಿಗೆ ಕೇಳಿಸೋ ಹಾಗೆ ಮಾಡೋಕಾಗುತ್ತಾ? ಅವಳು ಉತ್ತರ ಕೊಡಬೇಕಾಗಿಲ್ಲ. ಸುಮ್ನೆ ಕೂತು ಕೇಳಿದ್ರೆ ಸಾಕು.”

ಆಗುತ್ತದೆ ಎಂದೆ. ನನ್ನ ಬಳಿ ಬಿದ್ದಿದ್ದ ಹಳೆಯ ಕಂಪ್ಯೂಟರೊಂದನ್ನು ಅವರ ಕತ್ತರಿಸುವ ಮೇಜಿನ ಕೆಳಗೆ ಇಟ್ಟೆ. ಮೇಲೆ ಅದರ ಪರದೆ, ಪಕ್ಕದಲ್ಲಿ ಒಂದು ಮೈಕು. ಮೈಕಿನ ಸದ್ದನ್ನು ಆ ಕಂಪ್ಯೂಟರೇ ಚಿಕ್ಕ ರೇಡಿಯೋ ನಿಲಯದ ಹಾಗೆ ಬಿತ್ತರಿಸುತ್ತಿತ್ತು. ಊರಿಗೆಲ್ಲ ಅಲ್ಲ, ಪಾಸ್‌ವರ್ಡ್ ಇರುವವರಿಗೆ ಮಾತ್ರ. ಹೆಂಗಸರು ಸೊಂಟದ ಅಳತೆ ಕೊಡುವ ಜಾಗ ಅದು. ಅವರ ರೂಟರಿನಲ್ಲಿ ಒಂದು ಪೋರ್ಟು ತೆರೆದು, ಹೊರಗಿನಿಂದ ಆ ಬಾಗಿಲು ತಟ್ಟಿದವರನ್ನು ನೇರ ಈ ಕಂಪ್ಯೂಟರಿನ ಬಳಿಗೆ ಕಳಿಸು ಎಂದು ಬರೆದೆ. ಅದಕ್ಕೇ ಪೋರ್ಟ್ ಫಾರ್ವರ್ಡಿಂಗ್ ಎನ್ನುವುದು. ದೊಡ್ಡವರ ಟ್ಯಾಬ್ಲೆಟ್ಟಿನಲ್ಲಿ ಒಂದೇ ಗುಂಡಿ ಇಟ್ಟೆ; ಅದರ ಹಿಂದೆ ಅಂಕಿಯ ಬದಲು ಒಂದು ಹೆಸರು, ಅಂಗಡಿಯ ವಿಳಾಸ ಬದಲಾದರೂ ಹುಡುಕಿಕೊಳ್ಳುವಂಥದ್ದು. ಎಡಗೈಯಿಂದ ಒತ್ತಿದರೆ ಅಂಗಡಿ ಕೇಳಿಸುತ್ತದೆ, ಅಷ್ಟೆ.

ಆ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ “ಈಗ ಕೇಳುತ್ತಿರುವವರು” ಎಂದು ಒಂದು ಅಂಕಿ ಬರುತ್ತದೆ. ದೊಡ್ಡವರು ಇಲ್ಲದಿದ್ದರೆ ಸೊನ್ನೆ, ಬಂದರೆ ಒಂದು. ಬೆಳಿಗ್ಗೆ ಅದು ಸೊನ್ನೆಯಿಂದ ಒಂದಾಗುತ್ತಲೇ ಚಿಕ್ಕವರ ದನಿ ಏರುತ್ತಿತ್ತು. “ಬಂದ್ಯಾ? ಕಾಫಿ ಆಯ್ತಾ? ನೋಡು, ನಿನ್ನೆಯ ಕೋಟಿನವರು ಮತ್ತೆ ಬಂದು ಕತ್ತು ಬಿಗಿ ಅಂತಾರೆ. ಕತ್ತು ದಪ್ಪ ಅಂತ ಹೇಳೋಕಾಗುತ್ತಾ?” ಹೀಗೆ ದಿನವಿಡೀ. ಅಲ್ಲಿ ದೊಡ್ಡವರು ಟ್ಯಾಬ್ಲೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ನಗುತ್ತಿರುತ್ತಾರಂತೆ, ಯಾವ ಗಿರಾಕಿ ಬಂದರು ಎಂದು ಕೆಮ್ಮಿನಲ್ಲೇ ಗುರುತು ಹಿಡಿಯುತ್ತಾರಂತೆ. ಮಗಳು ಹೇಳುತ್ತಿದ್ದಳು. ಹೀಗೆ ಎರಡು ವರ್ಷ ಚೆನ್ನಾಗಿಯೇ ನಡೆಯಿತು.

ಕಳೆದ ವರ್ಷ ನನ್ನ ತಮ್ಮ ಮನೆ ಕಟ್ಟಿಸಲು ಹೊರಟ. ಅವನಿಗೆ ಗಾರೆ ಯಾವುದು ಬೂದಿ ಯಾವುದು ಗೊತ್ತಿಲ್ಲ. ಉಸ್ತುವಾರಿಗೆಂದು ನಾನು ಅಂಗಡಿ ಮುಚ್ಚಿ ಅವನ ಊರಿಗೆ ಹೋದೆ. ಒಂದೂವರೆ ತಿಂಗಳ ಮೇಲಾಯಿತು. ಅಷ್ಟರಲ್ಲಿ ನಮ್ಮ ಬೀದಿಗೆ ಫೈಬರ್ ಇಂಟರ್‌ನೆಟ್ ಬಂದಿತ್ತು. ಹಳೆಯ ತಾಮ್ರದ ತಂತಿಗಿಂತ ವೇಗ ಹೆಚ್ಚು, ದರ ಕಡಿಮೆ. ಬೀದಿಯೆಲ್ಲ ಹಾಕಿಸಿಕೊಂಡಿತು, ಚಿಕ್ಕವರೂ ಹಾಕಿಸಿಕೊಂಡರು. ಅದರಲ್ಲಿ ಆಶ್ಚರ್ಯವೇನಿಲ್ಲ. ಆಶ್ಚರ್ಯವೆಂದರೆ ಹೊಸ ರೂಟರಿಗೆ ಅವರೇ ಪೋರ್ಟು ತೆರೆದಿದ್ದರು. ನಾನು ಹಿಂದೆ ಮಾಡಿದ್ದನ್ನು ಪಕ್ಕದಲ್ಲಿ ನಿಂತು ನೋಡಿದ್ದು ಅವರಿಗೆ ನೆನಪಿತ್ತು. ಒಂದಕ್ಷರವೂ ತಪ್ಪದೆ ಮಾಡಿದ್ದರು.

ನಾನು ವಾಪಸು ಬಂದು ಶಟರ್ ಎತ್ತುವಾಗಲೇ ಹಲಗೆಯ ಆಚೆ ಅವರ ಮಾತು ಕೇಳಿಸಿತು. “ಮೋಡ ಮುಸುಕಿದೆ ಅಕ್ಕಾ. ಸೂಜಿಗೆ ದಾರ ಪೋಣಿಸೋಕೂ ದೀಪ ಬೇಕು. ನೀನಿದ್ದಿದ್ರೆ ಕಣ್ಣು ಮುಚ್ಚಿ ಪೋಣಿಸ್ತಿದ್ದೆ.” ಎಲ್ಲ ಸರಿಯಾಗಿದೆ ಎಂದುಕೊಂಡು ಹೋಗಿ ಕುಶಲ ವಿಚಾರಿಸಿದೆ.

“ಅಕ್ಕ ಈಗ ನನಗಿಂತ ಮೊದಲೇ ಬಂದುಬಿಡ್ತಾಳೆ,” ಎಂದರು ಹೆಮ್ಮೆಯಿಂದ, ಪರದೆಯ ಮೂಲೆ ತೋರಿಸಿ. “ಬಾಗಿಲು ತೆಗೆಯೋಷ್ಟರಲ್ಲಿ ಒಂದು ಅಂತ ಇರುತ್ತೆ. ಸಂಜೆ ಬಾಗಿಲು ಹಾಕುವಾಗಲೂ ಒಂದೇ. ಎದ್ದು ಹೋಗೋದೇ ಇಲ್ಲ.”

“ಹೊಸ ಲೈನ್ ಬಂದ ಮೇಲೆ ಏನೂ ತೊಂದರೆ ಆಗ್ಲಿಲ್ವಾ?”

“ಮೊದಲ ವಾರ ಅವಳ ಮಗಳು ಫೋನು ಮಾಡಿ ಸದ್ದು ಬರ್ತಿಲ್ಲ ಅಂದಳು. ನಾನೇ ಇಲ್ಲಿ ಕೇಳಿ ನೋಡಿದೆ, ಚೆನ್ನಾಗಿ ಬರ್ತಿತ್ತು. ನಿನ್ನ ಟ್ಯಾಬ್ಲೆಟ್ಟಿನ ಸದ್ದು ಏರಿಸು ಅಂದೆ. ಆಮೇಲೆ ಅವಳು ಏನೂ ಹೇಳಲಿಲ್ಲ. ಅಂಕಿ ಒಂದು ಅಂತ ಇದೆಯಲ್ಲ.”

ನನಗೆ ಎಲ್ಲೋ ಮುಳ್ಳು ಚುಚ್ಚಿದ ಹಾಗಾಯಿತು. ಇಲ್ಲಿ ಕೇಳಿ ನೋಡಿದೆ ಎಂದರೆ ಯಾವುದರಲ್ಲಿ ಕೇಳಿದಿರಿ ಎಂದೆ. ಬಟ್ಟೆ ಬದಲಿಸುವ ಕೋಣೆಯ ಪರದೆ ಸರಿಸಿ ತೋರಿಸಿದರು. ಅಂಗಡಿಯ ಹಳೆಯ ಫೋನು ಚಾರ್ಜಿಗೆ ಹಾಕಿದಂತೆಯೇ ಕಪಾಟಿನ ಮೇಲಿತ್ತು. ಎತ್ತಿ ನೋಡಿದೆ. ಸದ್ದು ಪೂರ್ತಿ ಇಳಿಸಿತ್ತು, ಆದರೆ ಪುಟ ತೆರೆದೇ ಇತ್ತು, ಬಿತ್ತರ ಓಡುತ್ತಲೇ ಇತ್ತು.

ನನ್ನ ಫೋನು ತೆಗೆದು ಅಂಗಡಿಯ ವೈಫೈ ಆರಿಸಿ, ಸಿಮ್ಮಿನ ಡೇಟಾದಲ್ಲಿ ದೊಡ್ಡವರ ಗುಂಡಿಗಿದ್ದ ವಿಳಾಸವನ್ನೇ ಒತ್ತಿದೆ. ತಿರುಗಿತು, ತಿರುಗಿತು, ಕೊನೆಗೆ ತಲುಪಲಾಗಲಿಲ್ಲ ಎಂದಿತು. ಆಮೇಲೆ ಅವರ ರೂಟರಿನೊಳಗೆ ಹೋಗಿ, ಕಂಪನಿ ಅದಕ್ಕೆ ಯಾವ ವಿಳಾಸ ಕೊಟ್ಟಿದೆ ಎಂದು ನೋಡಿದೆ. ನೂರು, ಚುಕ್ಕೆ, ಎಪ್ಪತ್ತೆರಡು ಎಂದು ಶುರುವಾಗುತ್ತಿತ್ತು. ನನ್ನ ವಿಳಾಸವೇನು ಎಂದು ಹೊರಗಿನ ಜಾಲತಾಣವೊಂದನ್ನು ಕೇಳಿದರೆ ಅದು ಬೇರೆಯೇ ಅಂಕಿ ಹೇಳಿತು. ಅಲ್ಲಿಗೆ ಮುಗಿಯಿತು. ಮೊದಲ ಅಂಕಿ ನೂರು, ಎರಡನೆಯದು ಅರವತ್ತನಾಲ್ಕರಿಂದ ನೂರಿಪ್ಪತ್ತೇಳರೊಳಗೆ ಇದ್ದರೆ ಅದು ಪ್ರಪಂಚಕ್ಕೆ ಕಾಣುವ ವಿಳಾಸವಲ್ಲ, ಕಂಪನಿಯ ಒಳಮನೆಯ ವಿಳಾಸ.

ಚಿಕ್ಕವರಿಗೆ ಹೀಗೆ ಹೇಳಿದೆ. “ಹಳೆ ಕಂಪನಿ ನಿಮಗೆ ಬೀದಿಗೆ ಬಾಗಿಲಿರೋ ಮನೆ ಕೊಟ್ಟಿತ್ತು. ಇವರು ದೊಡ್ಡ ವಠಾರದಲ್ಲಿ ಕೋಣೆ ಕೊಟ್ಟಿದ್ದಾರೆ. ನೂರಾರು ಮನೆಗೆ ಒಂದೇ ಗೇಟು, ಒಂದೇ ವಿಳಾಸ. ಒಳಗಿಂದ ಯಾರಾದ್ರೂ ಹೊರಗೆ ಹೋಗಿ ಏನಾದ್ರೂ ಕೇಳಿದ್ರೆ, ಅದರ ಉತ್ತರಾನ ಗೇಟಿನವನು ಒಳಗೆ ಬಿಡ್ತಾನೆ. ಹೊರಗಿಂದ ತಾನಾಗೇ ಬಂದು ತಟ್ಟಿದೋರನ್ನ ಬಿಡಲ್ಲ. ಅವರು ಯಾವ ಕೋಣೆಗೆ ಬಂದವರು ಅಂತ ಅವನಿಗೆ ಗೊತ್ತೇ ಇಲ್ಲ. ನಿಮ್ಮ ಕೋಣೆ ಬಾಗಿಲು ನೀವು ಸರಿಯಾಗಿಯೇ ತೆರೆದಿದ್ದೀರಿ. ಗೇಟು ನಿಮ್ಮದಲ್ಲ.”

“ಅಂದ್ರೆ?”

“ದೊಡ್ಡವರಿಗೆ ಕೇಳಿಸ್ತಿಲ್ಲ ಟೈಲರಮ್ಮ.”

“ಒಂದು ಅಂತ ಇದೆ ನೋಡ್ರೀ.”

ನಾನು ಹಳೆಯ ಫೋನಿನ ಪುಟ ಮುಚ್ಚಿದೆ. ಮೂಲೆಯ ಅಂಕಿ ಸೊನ್ನೆಯಾಯಿತು.

ಅವರು ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದು ಮೆತ್ತೆಗೆ ಚುಚ್ಚಿದರು. ಕನ್ನಡಕ ಏರಿಸಿ ಸೊನ್ನೆಯನ್ನೇ ನೋಡಿದರು. ಸ್ವಂತ ಅಂಗಡಿಯ ಫೋನನ್ನು ಅಕ್ಕ ಎಂದುಕೊಂಡು ಅಷ್ಟು ದಿನ ಮಾತಾಡಿದ್ದರು. ಪರೀಕ್ಷೆಗೆಂದು ತೆರೆದ ಪುಟ ಒಳದಾರಿಯಿಂದಲೇ ಬರುತ್ತಿತ್ತು, ಗೇಟಿನ ತನಕ ಹೋಗುತ್ತಲೇ ಇರಲಿಲ್ಲ. ಬೇರೆಯವರಾಗಿದ್ದರೆ ನಾನು ಚೆನ್ನಾಗಿ ಗೇಲಿ ಮಾಡುತ್ತಿದ್ದೆ.

“ಇದರ ಮುಂದೆ ನಾನು ಏನೇನೆಲ್ಲ ಹೇಳಿಬಿಟ್ಟೆ,” ಎಂದರು ಮೈಕಿನ ಕಡೆ ನೋಡುತ್ತ. “ಹೇಳಬಾರದು ಅಂತ ಇಟ್ಟುಕೊಂಡಿದ್ದನ್ನೂ ಹೇಳಿದೆ. ನೀನಿಲ್ಲದೆ ನನಗೆ ಆಗ್ತಿಲ್ಲ ಅಂತ. ಒಂದ್ಸಲ ಹೇಗೋ ಬಂತು ರಿಪೇರಿ. ಇನ್ನೊಂದ್ಸಲ ಬಾಯಿಗೆ ಬರಲ್ಲ.”

ಅಕ್ಕನ ಮಗಳಿಗೆ ಫೋನು ಹಚ್ಚಿದರು. ಅಲ್ಲಿಂದ ಬಂದ ಸುದ್ದಿ ಇನ್ನೂ ಕೆಟ್ಟದಾಗಿತ್ತು. ಟ್ಯಾಬ್ಲೆಟ್ಟು ಕೆಟ್ಟಿರಬೇಕು ಎಂದು ಆ ಹುಡುಗಿ ರಿಪೇರಿಗೆ ಕೊಡಲು ಹೊರಟರೆ ದೊಡ್ಡವರು ಬೇಡ ಎಂದು ತಲೆ ಅಲ್ಲಾಡಿಸಿ, ಅದನ್ನು ಮಗುಚಿ ದಿಂಬಿನ ಕೆಳಗೆ ತಳ್ಳಿದ್ದರಂತೆ. ಆಮೇಲೆ ಕೇಳಲೂ ಇಲ್ಲ. ಊಟ ಅರ್ಧಕ್ಕೆ ಇಳಿದಿದೆ, ವ್ಯಾಯಾಮಕ್ಕೂ ಏಳುವುದಿಲ್ಲ. “ನಿಮ್ಮಿಬ್ಬರ ಮಧ್ಯೆ ಏನಾದ್ರೂ ಆಯ್ತಾ ಚಿಕ್ಕಮ್ಮಾ?”

ಆಗಿತ್ತು. ಫೈಬರ್ ಬರುವ ಹಿಂದಿನ ದಿನ ಗಿರಾಕಿಯೊಬ್ಬಳು ಮೈಕು ನೋಡಿ ಸಿಡುಕಿದ್ದಳು: ನಮ್ಮ ಮನೆ ಮಾತೆಲ್ಲ ಬೇರೆ ಊರಿಗೆ ಹೋಗುತ್ತಂತಲ್ಲ, ಇದೇನು ಹೊಲಿಗೆ ಅಂಗಡಿಯೋ ಚಾವಡಿಯೋ ಎಂದು. ಅವಳನ್ನು ಸಮಾಧಾನ ಮಾಡಲು ಚಿಕ್ಕವರು, “ಹೋಗಲಿ ಬಿಡಿ, ನಾಳೆಯೇ ಕಿತ್ತು ಹಾಕ್ತೀನಿ” ಎಂದಿದ್ದರು. ಗಿರಾಕಿಯ ಬಾಯಿಗೆ ಬೆಲ್ಲ ಹಾಕುವ ಮಾತು ಅದು. ಅರ್ಜೆಂಟ್ ಬಟ್ಟೆಗೆ ನಾಳೆ ಬನ್ನಿ ಎನ್ನುತ್ತಾರಲ್ಲ, ಅಂಥದ್ದು. ದೊಡ್ಡವರು ಅದನ್ನು ಕೇಳಿದ್ದರು. ಮಾರನೆಯ ದಿನ ಗುಂಡಿ ಒತ್ತಿದರೆ ಸದ್ದಿಲ್ಲ. ಬೇರೆ ಏನೆಂದುಕೊಂಡಾರು?

“ಕಿತ್ತು ಹಾಕಿದೆ ಅಂತ ತಿಳ್ಕೊಂಡಿದ್ದಾಳೆ,” ಎಂದರು ಚಿಕ್ಕವರು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರು ಲೆಕ್ಕಿಸದೆ ಅತ್ತರು.

ನಾನು ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಹಾಡು ಕೇಳಿಸಿದರು, ರೂಟರ್ ಆರಿಸಿ ಹಚ್ಚಿ ಎಂದರು, ಮತ್ತೆ ಹಾಡು ಕೇಳಿಸಿದರು. ಕೊನೆಗೆ ವಿಷಯ ಬಲ್ಲವನೊಬ್ಬ ಸಿಕ್ಕಿದ. ಹಳೆಯ ಮಾದರಿಯ ವಿಳಾಸಗಳು ಜಗತ್ತಿನಲ್ಲೇ ಮುಗಿದುಹೋಗಿವೆ ಸಾರ್, ಅದಕ್ಕೇ ಹಂಚಿಕೊಡುತ್ತೇವೆ ಎಂದ. ಸುಳ್ಳಲ್ಲ. ನಿಮ್ಮದೇ ಸ್ವಂತ ವಿಳಾಸ ಬೇಕಾದರೆ ಕಚೇರಿಗಳಿಗೆ ಕೊಡುವ ಬೇರೆ ಸಂಪರ್ಕ ಇದೆ, ನಿಮ್ಮ ಬೀದಿಗೆ ಅದು ಇನ್ನೂ ಬಂದಿಲ್ಲ ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಹಳೆಯ ಕಂಪನಿಗೇ ಮರಳೋಣ ಎಂದರೆ ಅವರು ನಮ್ಮ ಬೀದಿಯ ತಾಮ್ರದ ತಂತಿಯನ್ನೇ ಬಿಚ್ಚಿಕೊಂಡು ಹೋಗಿದ್ದರು.

ಆದರೆ ಅದೇ ರೂಟರಿನಲ್ಲಿ ಹೊಸ ಮಾದರಿಯ ಉದ್ದನೆಯ ವಿಳಾಸವೂ ಇತ್ತು, ಐಪಿವಿ6 ಎನ್ನುತ್ತಾರಲ್ಲ, ಅದು. ಅದರಲ್ಲಿ ಬಡತನವಿಲ್ಲ. ಪ್ರತಿ ಯಂತ್ರಕ್ಕೂ ಸ್ವಂತ ವಿಳಾಸ, ನಡುವೆ ವಠಾರದ ಗೇಟಿಲ್ಲ. ರೂಟರಿನ ಕಾವಲಿನಲ್ಲಿ ಆ ಕಂಪ್ಯೂಟರಿಗೆ ಮಾತ್ರ ಒಂದು ಕಿಂಡಿ ಬಿಟ್ಟು, ನನ್ನ ಸಿಮ್ಮಿನ ಡೇಟಾದಿಂದ ಒತ್ತಿದೆ. ಕತ್ತರಿಯ ಸದ್ದು ನನ್ನ ಫೋನಿನಲ್ಲಿ ಖಣಖಣ ಬಂತು. ಚಿಕ್ಕವರು ನನ್ನ ಬೆನ್ನಿಗೆ ಗುದ್ದಿದರು, ಸಂತೋಷಕ್ಕೆ. ನೋವಾಯಿತು. ಆಮೇಲೆ ಅಕ್ಕನ ಮಗಳಿಗೆ ಹೇಳಿ ಅಲ್ಲಿಂದ ಪರೀಕ್ಷಿಸಿದರೆ ಬರಲಿಲ್ಲ. ಅವಳ ಮನೆಯ ಕಂಪನಿ ಇನ್ನೂ ಆ ಹೊಸ ವಿಳಾಸ ಕೊಡುತ್ತಿರಲಿಲ್ಲ. ಎರಡೂ ಕಡೆ ಇದ್ದರೆ ಮಾತ್ರ ಆ ದಾರಿ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು.

ಚಿಕ್ಕವರು ಕುರ್ಚಿಯಲ್ಲಿ ಕುಸಿದು ಕೂತರು. “ಹಾಗಾದ್ರೆ ಯಾವ ಬಾಗಿಲೂ ಇಲ್ಲ.”

“ಒಳಗೆ ಬರೋಕೆ ಇಲ್ಲ,” ಎಂದೆ. “ಹೊರಗೆ ಹೋಗೋಕೆ ಇದೆಯಲ್ಲ. ಗೇಟಿನವನು ಹೋಗೋರನ್ನ ತಡೆಯಲ್ಲ. ನಾವೇ ಹೊರಗೆ ಹೋಗೋಣ.”

ದೂರದಲ್ಲೆಲ್ಲೋ ಒಂದು ಚಿಕ್ಕ ಸರ್ವರನ್ನು ಬಾಡಿಗೆಗೆ ಹಿಡಿದೆ. ಅದಕ್ಕೆ ಬೀದಿಗೆ ಬಾಗಿಲಿದೆ, ಅಂದರೆ ಯಾರ ಜೊತೆಗೂ ಹಂಚಿಕೊಳ್ಳದ ಸ್ವಂತ ವಿಳಾಸವಿದೆ. ಮೇಜಿನ ಕೆಳಗಿನ ಕಂಪ್ಯೂಟರು ಈಗ ಯಾರಾದರೂ ಬಂದಾರೆಂದು ಕಾಯುವುದಿಲ್ಲ. ತಾನೇ ಹೊರಗೆ ಹೋಗಿ ಆ ಸರ್ವರಿನವರೆಗೆ ಬೀಗ ಹಾಕಿದ ಸುರಂಗವೊಂದನ್ನು ತೋಡಿಕೊಂಡು ಕೂರುತ್ತದೆ. ಸುಮ್ಮನಿದ್ದರೆ ಗೇಟಿನವನು ಮರೆತು ದಾರಿ ಮುಚ್ಚಿಬಿಡುತ್ತಾನೆ, ಅದಕ್ಕೇ ಆಗಾಗ ಇದ್ದೇನೆ ಇದ್ದೇನೆ ಎಂದು ಸಣ್ಣ ಸಂಕೇತ ಕಳಿಸುತ್ತಿರುತ್ತದೆ. ದೊಡ್ಡವರ ಟ್ಯಾಬ್ಲೆಟ್ಟು ಆ ಸರ್ವರಿನ ಬಾಗಿಲು ತಟ್ಟಿದರೆ ಸುರಂಗದೊಳಗಿಂದ ಅಂಗಡಿ ಕೇಳಿಸುತ್ತದೆ. ಇಂಥ ಸುರಂಗವನ್ನು ಸಿದ್ಧವಾಗಿಯೇ ಕೊಡುವ ಕಂಪನಿಗಳಿವೆ. ಎರಡೂ ಕಡೆ ಆಪ್ ಹಾಕಿ ಯಂತ್ರಗಳನ್ನು ಖಾಸಗಿಯಾಗಿ ಬೆಸೆಯುವ ಉಪಾಯವೂ ಇದೆ. ಆದರೆ ಆಪು ಯಾವತ್ತೋ ಒಂದು ದಿನ ಮತ್ತೆ ಲಾಗಿನ್ ಆಗಿ ಎಂದರೆ ಎಡಗೈಯೊಂದೇ ಆಡುವವರು ಏನು ಮಾಡಬೇಕು? ನನಗೆ ಒಂದೇ ಗುಂಡಿ ಉಳಿಯಬೇಕಿತ್ತು.

ಅಕ್ಕನ ಮಗಳು ಟ್ಯಾಬ್ಲೆಟ್ಟಿನ ಗುಂಡಿಗೆ ಹೊಸ ವಿಳಾಸ ಹಾಕಿ ಪರೀಕ್ಷಿಸಿದಳು. ಬಂತು. ಮೂಲೆಯ ಅಂಕಿ ಒಂದಾಯಿತು. ಚಿಕ್ಕವರು ಮೊದಲು ಹೋಗಿ ಹಳೆಯ ಫೋನು ಆರಿದೆಯೇ ನೋಡಿಕೊಂಡು ಬಂದರು. “ಅಮ್ಮನ ಕೈಗೆ ಕೊಡ್ತೀನಿ,” ಎಂದಳು ಹುಡುಗಿ. ಸ್ವಲ್ಪ ಹೊತ್ತಿಗೆ ಅಂಕಿ ಸೊನ್ನೆಯಾಯಿತು. ದೊಡ್ಡವರು ಆರಿಸಿ ದಿಂಬಿನ ಕೆಳಗೆ ತಳ್ಳಿದ್ದರು. ಲೈನು ಕೆಟ್ಟಿತ್ತು ಎಂದು ಮಗಳು ಹೇಳಿದ್ದನ್ನೂ ನಂಬಲಿಲ್ಲವಂತೆ.

ಮರುದಿನವೂ ಸೊನ್ನೆ. ಅದರ ಮರುದಿನವೂ. ದಾರಿ ಸರಿಯಾಗಿತ್ತು, ನಾನು ದಿನಾ ಹೊರಗಿನಿಂದ ಪರೀಕ್ಷಿಸುತ್ತಿದ್ದೆ. ಬರುವವರು ಬರುತ್ತಿರಲಿಲ್ಲ. ಚಿಕ್ಕವರು ಮೈಕಿನ ಮುಂದೆ ಒಂದು ಮಾತೂ ಆಡಲಿಲ್ಲ. ಯಂತ್ರ ಮಾತ್ರ ಓಡುತ್ತಿತ್ತು. ಅವರ ಮಾತಿಗೆ ಬೈದುಕೊಂಡೇ ಬದುಕಿದ ನನಗೆ ಆ ಮೌನ ತಡೆಯಲಾಗಲಿಲ್ಲ.

ಒಂದು ಬೆಳಿಗ್ಗೆ ಹಲಗೆಯ ಆಚೆಯಿಂದಲೇ ಕೂಗಿದರು. “ರಿಪೇರಿ, ಒಂದು ಕೇಳ್ತೀನಿ. ಅಲ್ಲಿಂದ ಇಲ್ಲಿಗೂ ಸದ್ದು ತರೋಕಾಗುತ್ತಾ?”

“ಆಗುತ್ತೆ. ಅವರ ಮನೆಯೂ ವಠಾರದ ಕೋಣೆಯೇ ಇರಬಹುದು, ಆದ್ರೇನಂತೆ. ಅವರೂ ಹೊರಗೆ ಬಂದು ಅದೇ ಸರ್ವರಿಗೆ ಕೊಟ್ಟರಾಯ್ತು.”

“ಇಷ್ಟು ದಿನ ನಾನೇ ಬಾಯಿ, ಅವಳೇ ಕಿವಿ ಅಂತ ಮಾಡಿಟ್ಟೆ,” ಎಂದರು. “ಅವಳ ಸದ್ದು ನನಗೆ ಬೇಕು ಅಂತ ಒಂದು ದಿನವೂ ಕೇಳಲಿಲ್ಲ. ಮಾತಿಲ್ಲದವಳ ಹತ್ರ ಕೇಳೋಕೆ ಏನಿದೆ ಅಂದುಕೊಂಡೆ ನೋಡಿ.”

ಇಬ್ಬರೂ ರೈಲು ಹತ್ತಿದೆವು. ನನ್ನ ಚೀಲದಲ್ಲಿ ಅಂಗೈಯಗಲದ ಕಂಪ್ಯೂಟರು, ಒಂದು ಮೈಕು, ದೊಡ್ಡ ಗುಂಡಿಯ ಸ್ವಿಚ್ಚು. ದಾರಿಯುದ್ದಕ್ಕೂ ಚಿಕ್ಕವರು ಅಕ್ಕನಿಗೆ ಏನು ಹೇಳಬೇಕೆಂದು ನನ್ನ ಮೇಲೆ ಪ್ರಯೋಗ ಮಾಡಿದರು. ವಠಾರ, ಗೇಟು, ಒಳದಾರಿ ಎಲ್ಲ ಬಾಯಿಪಾಠವಾಗಿತ್ತು. ಮೂರನೆಯ ಮಹಡಿಯ ಆ ಮನೆಯಲ್ಲಿ ಕಿಟಕಿಯ ಪಕ್ಕ ದೊಡ್ಡವರು ಕೂತಿದ್ದರು. ಸೊರಗಿಹೋಗಿದ್ದರು. ತಂಗಿಯನ್ನು ನೋಡಿ ಮುಖ ಗೋಡೆಯ ಕಡೆ ತಿರುಗಿಸಿದರು.

ಬಾಯಿಪಾಠವೆಲ್ಲ ಮರೆತುಹೋಯಿತು. ಚಿಕ್ಕವರು ನೆಲದ ಮೇಲೆ ಕೂತು ಅಕ್ಕನ ಮಡಿಲಿಗೆ ಸ್ವಿಚ್ಚನ್ನು ಇಟ್ಟರು. “ನಾನು ಕಿತ್ತು ಹಾಕಲಿಲ್ಲ ಅಕ್ಕಾ. ಲೈನು ಬದಲಾಗಿ ಕೆಟ್ಟಿತ್ತು, ನನಗೆ ಗೊತ್ತಾಗಲಿಲ್ಲ. ಬೇಕಾದ್ರೆ ಇವರನ್ನ ಕೇಳು. ಈಗ ಅದು ಹೋಗಲಿ. ನನಗೆ ನಿನ್ನ ಸದ್ದು ಬೇಕು. ಇದನ್ನ ಒತ್ತಿದ್ರೆ ನೀನು ನನಗೆ ಕೇಳಿಸ್ತೀಯ. ಬೇಡದಾಗ ಆರಿಸು. ನಿನ್ನಿಷ್ಟ.”

ದೊಡ್ಡವರು ನನ್ನ ಕಡೆ ನೋಡಿದರು. ಹೌದು ಎಂದು ತಲೆಯಾಡಿಸಿದೆ. ಅವರ ಕಣ್ಣಲ್ಲಿ ನೀರು ತುಂಬಿತು. ಆದರೆ ಸ್ವಿಚ್ಚು ಮುಟ್ಟಲಿಲ್ಲ. ಹೇಗೆ ತಾನೆ ಒಪ್ಪಿಯಾರು? ಮುಖವನ್ನೇ ತೋರಿಸಲು ನಾಚಿದವರು ಒಡೆದ ದನಿಯನ್ನು ಕೇಳಿಸಿಯಾರೇ? ನಾವು ಎಲ್ಲ ಜೋಡಿಸಿ, ಊಟ ಮಾಡಿ ಹೊರಟಾಗ ತಂಗಿಯ ಸೆರಗಿನ ತುದಿ ಹಿಡಿದು ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿ ಬಿಟ್ಟರು. ಅಷ್ಟೇ.

ಊರಿಗೆ ಬಂದ ಮೇಲೆ ಚಿಕ್ಕವರು ಒಂದು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಹೊಲಿಯತೊಡಗಿದರು. ಸ್ಪೀಕರು ಇಟ್ಟರೆ ಅಕ್ಕನ ಸದ್ದು ಮತ್ತೆ ಮೈಕಿಗೆ ಹೊಕ್ಕು, ಸುತ್ತಿ ಸುತ್ತಿ ಊಳಿಡುತ್ತದೆ. ದೊಡ್ಡವರ ಟ್ಯಾಬ್ಲೆಟ್ಟಿಗೂ ಹಾಗೇ ಒಂದು ಕಿವಿಯದನ್ನು ಕೊಟ್ಟು ಬಂದಿದ್ದೆವು. ಮೊದಲ ದಿನ ಏನೂ ಇಲ್ಲ. ಮೂಲೆಯ ಅಂಕಿ ಸೊನ್ನೆ, ಕಿವಿಯಲ್ಲಿ ಶೂನ್ಯ. ಎರಡನೆಯ ದಿನ ಗಿರಾಕಿಯೊಬ್ಬರಿಗೆ ಅಳತೆ ತೆಗೆಯುತ್ತಿದ್ದವರು ಟೇಪನ್ನು ಅವರ ಕೊರಳಲ್ಲೇ ಬಿಟ್ಟು ನನ್ನ ಅಂಗಡಿಗೆ ಓಡಿಬಂದರು.

“ಬನ್ನಿ, ಕೇಳಿ.”

ಹೋಗಿ ಇಯರ್‌ಫೋನನ್ನು ಕಿವಿಗಿಟ್ಟುಕೊಂಡೆ. ಫ್ಯಾನು ತಿರುಗುವ ಸದ್ದು. ಎಲ್ಲೋ ಕೆಳಗೆ ವಾಹನ. “ಏನೂ ಇಲ್ಲವಲ್ಲ ಟೈಲರಮ್ಮ.”

“ಇದ್ದಾಳೆ. ಮಾತಾಡ್ತಿಲ್ಲ ಅಷ್ಟೆ.”

ಪರದೆಯ ಮೂಲೆಯಲ್ಲಿ ಒಂದು ಇತ್ತು. ಗಿರಾಕಿ ಕೊರಳಲ್ಲಿ ಟೇಪು ಹಾಕಿಕೊಂಡು ನಮ್ಮಿಬ್ಬರನ್ನೂ ನೋಡುತ್ತಿದ್ದರು. ಚಿಕ್ಕವರು ಮೈಕಿನ ಮುಂದೆ ನಿಂತರು. ಮೇಜಿನ ಮೇಲಿದ್ದ ಬಟ್ಟೆಯ ಚೂರೊಂದನ್ನು ಮಡಿಸಿದರು, ಬಿಡಿಸಿದರು. ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದರು.

“ಅಕ್ಕಾ, ನೀನಿಲ್ಲದೆ ನನಗೆ ಆಗ್ತಿಲ್ಲ.”

ಈ ಬಿತ್ತರದಲ್ಲಿ ಮಾತು ಆಡಿದ ಕೂಡಲೇ ಅಲ್ಲಿಗೆ ಮುಟ್ಟುವುದಿಲ್ಲ, ಅಲ್ಲಿಂದ ಬರುವುದೂ ಹಾಗೇ. ಒಂದಿಷ್ಟು ಹೊತ್ತು ಹಿಡಿಯುತ್ತದೆ. ಇಯರ್‌ಫೋನು ಇನ್ನೂ ನನ್ನ ಕಿವಿಯಲ್ಲೇ ಇತ್ತು. ಫ್ಯಾನು ತಿರುಗಿತು. ತಿರುಗುತ್ತಲೇ ಇತ್ತು. ಉಸಿರು ಎಳೆದುಕೊಂಡದ್ದು ಕೇಳಿಸಿತು. ತುಟಿಗಳು ಸೇರಿ, ಬಿಟ್ಟು, ಮತ್ತೆ ಸೇರಿದವು. ಆಮೇಲೆ ಮುರಿದು ಮುರಿದು, ಬೆವರು ಸುರಿಸಿ ಎತ್ತಿ ತಂದ ಹಾಗೆ, “ಪು… ಪುಟ್… ಟೀ” ಎಂದು ಒಂದು ದನಿ ಬಂತು. ಚಿಕ್ಕ ಟೈಲರಮ್ಮನನ್ನು ಹಾಗೆ ಕರೆಯುವವರು ಭೂಮಿಯ ಮೇಲೆ ಒಬ್ಬರೇ.

ನಾನು ಇಯರ್‌ಫೋನು ಕಿತ್ತು ಅವರ ಕೈಗೆ ಕೊಟ್ಟೆ. “ಬೇಗ ತಗೊಳ್ಳಿ,” ಎಂದೆ, “ನಿಮ್ಮನ್ನ ಕರೀತಿದ್ದಾರೆ.”